‘ಹೆಚ್ಚು’ ಅಂದರೆ ಕೂಡುವುದಲ್ಲ: ಹೇಳಿಕೆ ಲೆಕ್ಕದಲ್ಲಿ ಮಕ್ಕಳು ಎಡವುವ ಜಾಗ

ಸೋಮವಾರ ಡೇರಿಗೆ 24 ಲೀಟರ್ ಹಾಲು ಹಾಕಿದರು. ಇದು ಭಾನುವಾರ ಹಾಕಿದ್ದಕ್ಕಿಂತ 6 ಲೀಟರ್ ಹೆಚ್ಚು. ಭಾನುವಾರ ಹಾಕಿದ ಹಾಲೆಷ್ಟು?

ಮೂರನೇ, ನಾಲ್ಕನೇ ತರಗತಿಯಲ್ಲಿ ಈ ಲೆಕ್ಕ ಕೊಟ್ಟರೆ 30 ಎಂದು ಬರೆಯುವ ಮಕ್ಕಳು ಬಹಳ. ಅವರಲ್ಲಿ ಅನೇಕರಿಗೆ 24 − 6 ಎಂದು ಬರೆದುಕೊಟ್ಟರೆ 18 ಸರಿಯಾಗಿ ಬರುತ್ತದೆ. ಅಂದರೆ ಕಳೆಯಲು ಬರುತ್ತದೆ, ಇಲ್ಲಿ ಕಳೆಯಬೇಕೆಂದು ಮಾತ್ರ ಗೊತ್ತಾಗುವುದಿಲ್ಲ.

ಇದಕ್ಕೆ ಅರ್ಧ ಕಾರಣ ನಾವೇ ಕಲಿಸುವ ಸೂತ್ರ: ‘ಒಟ್ಟು’ ಬಂದರೆ ಕೂಡು, ‘ಉಳಿದದ್ದು’ ಬಂದರೆ ಕಳೆ, ‘ಹೆಚ್ಚು’ ಬಂದರೆ ಕೂಡು. ನೇರವಾದ ಲೆಕ್ಕಗಳಲ್ಲಿ ಇದು ನಡೆಯುತ್ತದೆ, ಹಾಗಾಗಿ ಮಗು ಅದನ್ನೇ ನಂಬುತ್ತದೆ. ‘ತರಗತಿಯಲ್ಲಿ ಒಟ್ಟು 35 ಮಕ್ಕಳು, ಅವರಲ್ಲಿ 17 ಹುಡುಗಿಯರು, ಹುಡುಗರೆಷ್ಟು’ ಎಂಬಲ್ಲಿಗೆ ಸೂತ್ರ ಮುರಿದುಬೀಳುತ್ತದೆ. ಇನ್ನರ್ಧ ಕಾರಣ ವಾಕ್ಯದ ಕಟ್ಟಣೆ. ಹಾಲಿನ ಲೆಕ್ಕದಲ್ಲಿ ‘ಇದು’ ಎಂಬುದು ಹಿಂದಿನ ವಾಕ್ಯದ ಸೋಮವಾರಕ್ಕೆ ಸೇರಿದ್ದು. ಯಾವುದನ್ನು ಯಾವುದರ ಜೊತೆ ಹೋಲಿಸಿದೆ ಎಂದು ಹೇಳುವ ‘ಕ್ಕಿಂತ’ ಒಂದು ಉದ್ದ ಪದದ ಬಾಲದಲ್ಲಿದೆ. ಅಕ್ಷರ ಕೂಡಿಸಿ ಓದುವ ಮಗು ಆ ಬಾಲ ತಲುಪುವಷ್ಟರಲ್ಲಿ ಸುಸ್ತಾಗಿರುತ್ತದೆ. ಕೊನೆಗೆ ಅದರ ಕೈಯಲ್ಲಿ ಉಳಿಯುವುದು 24, 6 ಮತ್ತು ‘ಹೆಚ್ಚು’, ಅಷ್ಟೇ.

ತಿದ್ದುವ ಮೊದಲು ಮಗು ಎಲ್ಲಿ ನಿಂತಿದೆ ಎಂದು ನೋಡಬೇಕು. ಆಸ್ಟ್ರೇಲಿಯಾದ ಆ್ಯನ್ ನ್ಯೂಮನ್ 1977ರಲ್ಲಿ ಪ್ರಕಟಿಸಿದ ಐದು ಹಂತಗಳ ವಿಧಾನ ಇದಕ್ಕೆ ಈಗಲೂ ಚೆನ್ನಾಗಿ ಒದಗುತ್ತದೆ. ಲೆಕ್ಕವನ್ನು ಗಟ್ಟಿಯಾಗಿ ಓದಿಸಿ. ಏನು ಕೇಳಿದ್ದಾರೆ ಎಂದು ಮಗುವಿನದೇ ಮಾತಲ್ಲಿ ಹೇಳಿಸಿ. ಹೇಗೆ ಮಾಡುತ್ತೀಯ ಎಂದು ಕೇಳಿ. ಮಾಡಿಸಿ. ಕೊನೆಗೆ ಉತ್ತರ ಬರೆಯಿಸಿ. ‘ಭಾನುವಾರ 6 ಲೀಟರ್ ಜಾಸ್ತಿ ಹಾಕಿದ್ರು’ ಎಂದು ಮಗು ಹೇಳಿದರೆ ಎಡವಿದ್ದು ಅರ್ಥದಲ್ಲಿ. ಸರಿಯಾಗಿ ಹೇಳಿಯೂ 24 + 6 ಬರೆದರೆ, ಅರ್ಥವನ್ನು ಲೆಕ್ಕವಾಗಿ ತಿರುಗಿಸುವಲ್ಲಿ. 24 − 6 ಬರೆದು 22 ಎಂದರೆ ಭಾಷೆಯ ತೊಂದರೆಯೇ ಅಲ್ಲ: ಬಿಡಿ ಸ್ಥಾನದಲ್ಲಿ 6ರಿಂದ 4 ಕಳೆದಿದೆ, ಅದಕ್ಕೆ ಹತ್ತು ಬಿಡಿಸಿಕೊಳ್ಳುವುದನ್ನು ಕಲಿಸಬೇಕು. ಮನೆಯಲ್ಲಿ ತುಳು, ಉರ್ದು, ಲಂಬಾಣಿ ಮಾತಾಡುವ ಮಗು ‘ಏನು ಕೇಳಿದ್ದಾರೆ’ ಎಂಬುದಕ್ಕೆ ಮನೆಮಾತಲ್ಲೇ ಉತ್ತರಿಸಲಿ. ನಮಗೆ ಆ ಭಾಷೆ ಬಾರದಿದ್ದರೆ ಪಕ್ಕದಲ್ಲಿ ಕೂತ ಮಗು ಕನ್ನಡದಲ್ಲಿ ಹೇಳುತ್ತದೆ.

ಅರ್ಥದಲ್ಲಿ ಎಡವುವ ಮಕ್ಕಳಿಗೆ ಮೊದಲು ಅಂಕಿಗಳನ್ನು ಮರೆಮಾಡಿ. ‘ಸೋಮವಾರ ಸ್ವಲ್ಪ ಹಾಲು ಹಾಕಿದರು. ಇದು ಭಾನುವಾರ ಹಾಕಿದ್ದಕ್ಕಿಂತ ಹೆಚ್ಚು’ ಎಂದಷ್ಟೇ ಬೋರ್ಡಿನ ಮೇಲೆ ಬರೆದು, ಯಾವ ದಿನ ಹೆಚ್ಚು ಎಂದು ಕೇಳಿ. ಕೂಡಲು ಅಂಕಿಯೇ ಇಲ್ಲದ್ದರಿಂದ ಮಗು ವಾಕ್ಯಕ್ಕೇ ಮರಳಬೇಕಾಗುತ್ತದೆ. ಉತ್ತರ ಬಂದ ಮೇಲೆ ಒಂದರ ಕೆಳಗೊಂದು ಎರಡು ಅಡ್ಡ ಪಟ್ಟಿ ಎಳೆಸಿ, ಎಡತುದಿ ಸಮವಾಗಿರಲಿ. ಉದ್ದದ ಪಟ್ಟಿ ಸೋಮವಾರದ್ದು, ಗಿಡ್ಡದ್ದು ಭಾನುವಾರದ್ದು. ಈಗ ಅಂಕಿಗಳನ್ನು ತೋರಿಸಿ: ಉದ್ದ ಪಟ್ಟಿಗೆ 24, ಅದರಲ್ಲಿ ಗಿಡ್ಡ ಪಟ್ಟಿಯಿಂದಾಚೆ ಚಾಚಿದ ತುಂಡಿಗೆ 6, ಗಿಡ್ಡ ಪಟ್ಟಿಗೆ ಪ್ರಶ್ನಾರ್ಥಕ ಚಿಹ್ನೆ. ಅಳತೆ ಕರಾರುವಾಕ್ಕಾಗಿರಬೇಕಿಲ್ಲ, ಯಾವುದು ಉದ್ದ ಎಂಬುದು ಸರಿಯಿದ್ದರೆ ಸಾಕು. 30 ಎಂದು ಬರೆದಿದ್ದ ಮಗುವಿಗೆ ಅದನ್ನು ಗಿಡ್ಡ ಪಟ್ಟಿಯ ಮೇಲೆಯೇ ಬರೆಯಲು ಹೇಳಿ. ಗಿಡ್ಡದ್ದರಲ್ಲಿ 30, ಉದ್ದದ್ದರಲ್ಲಿ 24 ಎಂದಾಗ ತಪ್ಪು ಅದಕ್ಕೇ ಕಾಣುತ್ತದೆ. ಆಮೇಲೆ ಅದೇ ಸಂಗತಿಯನ್ನು ತಿರುಗಿಸಿ ಹೇಳಿಸಿ: ‘ಭಾನುವಾರ ಸೋಮವಾರಕ್ಕಿಂತ 6 ಲೀಟರ್ ಕಡಿಮೆ.’

ಇಲ್ಲಿ ಶಿಕ್ಷಕರು ಒಂದು ಆತುರವನ್ನು ತಡೆದುಕೊಳ್ಳಬೇಕು. ‘ಭಾನುವಾರ ಕಡಿಮೆ ಅಲ್ವಾ, ಹಾಗಾದ್ರೆ ಏನ್ ಮಾಡ್ಬೇಕು?’ ಎಂದು ನಾವೇ ಕೇಳಿದರೆ ವಾಕ್ಯ ಬಿಡಿಸುವ ಕೆಲಸ ನಮ್ಮದಾಗುತ್ತದೆ, ಮಗುವಿಗೆ ಬರೀ ಕಳೆಯುವುದು ಉಳಿಯುತ್ತದೆ. ಓದಲು ನಿಜಕ್ಕೂ ಬಾರದ ಮಗುವಿಗೆ ಲೆಕ್ಕವನ್ನು ಇದ್ದ ಹಾಗೆಯೇ, ಯಾವ ಪದಕ್ಕೂ ಒತ್ತು ಕೊಡದೆ, ಎರಡು ಸಲ ಓದಿಹೇಳಿ.

ಅಭ್ಯಾಸಕ್ಕೆ ಒಂದೇ ಜೋಡಿ ಅಂಕಿಯ ನಾಲ್ಕು ಲೆಕ್ಕ ಸಾಕು. ಸೋಮವಾರ 24 ಎಂದೇ ಇಟ್ಟುಕೊಂಡು, ‘ಇದು ಭಾನುವಾರಕ್ಕಿಂತ 6 ಹೆಚ್ಚು’, ‘ಇದು ಭಾನುವಾರಕ್ಕಿಂತ 6 ಕಡಿಮೆ’, ‘ಭಾನುವಾರ ಇದಕ್ಕಿಂತ 6 ಹೆಚ್ಚು’, ‘ಭಾನುವಾರ ಇದಕ್ಕಿಂತ 6 ಕಡಿಮೆ’ ಎಂದು ಬೆರೆಸಿ ಕೊಡಿ. ಎರಡಕ್ಕೆ 18, ಎರಡಕ್ಕೆ 30 ಬರುತ್ತದೆ. ‘ಹೆಚ್ಚು’ ನೋಡಿ ಕೂಡುವ, ‘ಕಡಿಮೆ’ ನೋಡಿ ಕಳೆಯುವ ಮಗುವಿಗೆ ಮೊದಲೆರಡೇ ತಪ್ಪುತ್ತವೆ, ಆದ್ದರಿಂದ ಯಾರು ಇನ್ನೂ ಪದ ಹಿಡಿದು ನಡೆಯುತ್ತಿದ್ದಾರೆ ಎಂದು ಕೂಡಲೇ ತಿಳಿಯುತ್ತದೆ. ಇದನ್ನು ಕಳೆಯುವ ಪಾಠದ ಕೊನೆಯಲ್ಲೇ ಕೊಟ್ಟರೆ ಮಕ್ಕಳು ಓದದೆ ಎಲ್ಲವನ್ನೂ ಕಳೆಯುತ್ತಾರೆ. ಕೆಲವು ವಾರ ಬಿಟ್ಟು, ಗುಣಿಸುವ ಪಾಠದ ನಡುವೆ ಕೊಡಿ.