ದಿನಕ್ಕೆ ಒಂದು ಖಾನೆ: ಲೈಬ್ರರಿಯ 3,600 ಪುಸ್ತಕ ಕಂಪ್ಯೂಟರಿಗೆ ಏರಿಸಿದ ಬಗೆ

ನಾನು ಗದಗದ ಒಂದು ಕಾಲೇಜಿನಲ್ಲಿ ಲೈಬ್ರರಿಯನ್. ಬೇಸಿಗೆ ರಜೆಯ ಎಂಟು ವಾರಗಳಲ್ಲಿ ಕನ್ನಡ ವಿಭಾಗದ ಪುಸ್ತಕಗಳನ್ನೆಲ್ಲ ಕೋಹಾ ತಂತ್ರಾಂಶಕ್ಕೆ ಸೇರಿಸಬೇಕಿತ್ತು. ಕಪಾಟು 12, ಪುಸ್ತಕ ಸುಮಾರು 3,600. ಕೆಲಸಕ್ಕೆ ನಾನು ಮತ್ತು ಸಹಾಯಕ, ಇಬ್ಬರೇ.

3,600ನ್ನು ಎಂಟರಿಂದ ಭಾಗಿಸಿದರೆ ವಾರಕ್ಕೆ 450 ಅಂತ ಸಿಗುತ್ತದೆ. ಆದರೆ ಅಷ್ಟು ನಮ್ಮ ಕೈಲಿ ಆಗುತ್ತದೆಯೇ ಅನ್ನೋದು ಭಾಗಾಕಾರದಿಂದ ತಿಳಿಯುವುದಿಲ್ಲ. ಅದಕ್ಕೇ ಮೊದಲು ಬೇರೆ ಬೇರೆ ಕಪಾಟಿನಿಂದ ಸ್ವಲ್ಪ ಪುಸ್ತಕ ತೆಗೆದು, ಗಡಿಯಾರ ಇಟ್ಟುಕೊಂಡು ಮಾಡಿ ನೋಡಿದೆವು. ರಿಜಿಸ್ಟರ್ ನೋಡಿ ವಿವರ ತುಂಬಿಸಲು ಸುಮಾರು ಐದು ನಿಮಿಷ. ಹಳೆಯ ಕನ್ನಡ ಪುಸ್ತಕಗಳಿಗೆ ಐಎಸ್‌ಬಿಎನ್ ಇರುವುದಿಲ್ಲ, ಆ ನಂಬರ್ ಕೊಟ್ಟು ವಿವರ ತರಿಸಿಕೊಳ್ಳಲು ಆಗುವುದಿಲ್ಲ, ಎಲ್ಲ ಕೈಯಿಂದಲೇ ಟೈಪ್ ಮಾಡಬೇಕು. ಬಾರ್‌ಕೋಡ್ ಮತ್ತು ಬೆನ್ನಿನ ಚೀಟಿ ಅಂಟಿಸಲು ಎರಡು ನಿಮಿಷ, ಜಾಗಕ್ಕೆ ಇಡಲು ಒಂದು. ಒಟ್ಟು ಎಂಟು ನಿಮಿಷ.

ಕೌಂಟರ್, ಚಹಾ, ಕರೆಂಟ್ ಹೋಗೋದು ಎಲ್ಲ ಕಳೆದರೆ ಒಬ್ಬರಿಗೆ ದಿನಕ್ಕೆ ಐದು ಗಂಟೆ ಸಿಗುತ್ತದೆ. ಇಬ್ಬರಿಗೆ 600 ನಿಮಿಷ, ಅಂದರೆ 75 ಪುಸ್ತಕ. ನಮ್ಮ ಕಪಾಟಿನ ಒಂದು ಖಾನೆಯಲ್ಲಿ ಎರಡೂ ಬದಿ ಸೇರಿ ಹೆಚ್ಚುಕಡಿಮೆ ಅಷ್ಟೇ ಪುಸ್ತಕ ಹಿಡಿಯುತ್ತವೆ! ಲೆಕ್ಕ ಹೇಳಿದಾಗ ಸಹಾಯಕ, "ಹಂಗಾದ್ರ ದಿನಕ್ಕ ಒಂದು ಖಾನಿ ಅನ್ರಿ ಸರ, ನೆನಪಿಡಾಕ ಸಲೀಸು" ಅಂದರು. ಅದೇ ನಮ್ಮ ದಿನದ ಕೆಲಸವಾಯಿತು. ಕಪಾಟಿಗೆ ನಾಲ್ಕು ಖಾನೆ, ಹಾಗಾಗಿ ವಾರಕ್ಕೆ ಒಂದೂವರೆ ಕಪಾಟು.

ಹೀಗೆ ಹತ್ತು ಕಪಾಟಿಗೆ 40 ದಿನ ಬೇಕು. ಉಳಿದ ಎರಡರಲ್ಲಿ ಪಠ್ಯಪುಸ್ತಕದ ಪ್ರತಿಗಳೇ ಇದ್ದವು. ಅಲ್ಲಿ ವಿವರ ಒಮ್ಮೆ ತುಂಬಿಸಿ ಪ್ರತಿಗಳನ್ನು ಸೇರಿಸುತ್ತ ಹೋದರಾಯಿತು, ಮೂರು ದಿನ ಸಾಕು. ಇದ್ದದ್ದು 48 ದಿನ. ಬಸವ ಜಯಂತಿ, ಮೇ ದಿನದ ರಜೆ ಕಳೆದರೆ ಕೈಯಲ್ಲಿ ಮೂರು ದಿನ ಉಳಿಯುತ್ತಿತ್ತು. ಅದನ್ನು ಯಾವ ವಾರಕ್ಕೂ ಹಂಚದೆ ಕೊನೆಗೆ ಇಟ್ಟೆ.

ವಾರದ ಗುರಿಯನ್ನು 'ಇಷ್ಟು ಎಂಟ್ರಿ' ಅಂತ ಬರೆಯಲಿಲ್ಲ. ಇದು ನನಗೆ ಬಹಳ ಮುಖ್ಯ. ಎಂಟ್ರಿ ಲೆಕ್ಕ ಹಿಡಿದರೆ ಇಬ್ಬರೂ ಟೈಪ್ ಮಾಡುತ್ತಲೇ ಕೂರುತ್ತಾರೆ. ಪರದೆಯ ಮೇಲೆ ಸಂಖ್ಯೆ ಚೆನ್ನಾಗಿ ಏರುತ್ತದೆ. ಇತ್ತ ಚೀಟಿ ಇಲ್ಲದ ಪುಸ್ತಕಗಳು ಟೇಬಲ್ ತುಂಬಿ ನೆಲಕ್ಕೆ ಬರುತ್ತವೆ, ಯಾವುದು ಮುಗಿದಿದೆ, ಯಾವುದು ಇಲ್ಲ ಅಂತ ಗೊತ್ತಾಗುವುದಿಲ್ಲ. ಹಾಗಾಗಿ ನಮ್ಮ ಗುರಿ 'ಈ ಆರು ಖಾನೆಗಳ ಪುಸ್ತಕ ಚೀಟಿ ಸಮೇತ ಜಾಗದಲ್ಲಿ ನಿಂತಿವೆ' ಅಂತ ಇತ್ತು. ಇವತ್ತಿನ ಖಾನೆ ಮೇಲೇರುವ ತನಕ ನಾಳೆಯದನ್ನು ಇಳಿಸುತ್ತಿರಲಿಲ್ಲ.

ಒಂದು ಪೆಟ್ಟಿಗೆ ಮಾತ್ರ ಹೊರಗಿತ್ತು. ಪುಸ್ತಕದ ಮೇಲಿನ ನಂಬರ್ ರಿಜಿಸ್ಟರಿಗೆ ತಾಳೆಯಾಗದಿದ್ದರೆ ಅಲ್ಲೇ ಹುಡುಕುತ್ತ ಕೂರದೆ ಅದರಲ್ಲಿ ಹಾಕುತ್ತಿದ್ದೆವು. ಇಲ್ಲದಿದ್ದರೆ ಒಂದೇ ಪುಸ್ತಕ ಅರ್ಧ ಗಂಟೆ ತಿನ್ನುತ್ತದೆ. ಶನಿವಾರ ಮಧ್ಯಾಹ್ನ ಆ ಪೆಟ್ಟಿಗೆ ಖಾಲಿ ಮಾಡುವುದು. ಆಮೇಲೆ ಮುಗಿದ ಖಾನೆಗಳಿಂದ ಹತ್ತು ಪುಸ್ತಕ ಎತ್ತಿ ಸ್ಕ್ಯಾನ್ ಮಾಡಿ, ಪರದೆಯ ಹೆಸರೂ ಕೈಯಲ್ಲಿರುವ ಪುಸ್ತಕವೂ ಒಂದೇನಾ ಅಂತ ನೋಡುವುದು. ಎರಡು ಚೀಟಿ ಅದಲು ಬದಲಾಗಿದ್ದರೆ ಅದರ ಮುಂದಿನವೂ ತಪ್ಪಿರುವ ಸಾಧ್ಯತೆ ಜಾಸ್ತಿ. ಆಗ ಆ ಖಾನೆ ಪೂರ್ತಿ ನೋಡಬೇಕು.

ಮೂರನೇ ವಾರ ಕವನ ಸಂಕಲನಗಳ ಕಪಾಟು ಬಂತು. ತೆಳ್ಳಗಿನ ಪುಸ್ತಕಗಳು, ಒಂದೊಂದು ಖಾನೆಯಲ್ಲಿ 125ರಷ್ಟು! ನಾಲ್ಕು ಖಾನೆಗೆ 200 ಪುಸ್ತಕ ಹೆಚ್ಚಾಯಿತು, ಅಂದರೆ ಸುಮಾರು ಮೂರು ದಿನದ ಕೆಲಸ. ಕೊನೆಗೆ ಇಟ್ಟಿದ್ದ ಮೂರು ದಿನವೂ ಅಲ್ಲೇ ಮುಗಿಯಿತು. ಇಂಥ ಹೊತ್ತಲ್ಲಿ 'ಸೋಮವಾರದಿಂದ ದಿನಕ್ಕೆ 90 ಮಾಡೋಣ' ಅನ್ನುವ ಆಸೆ ಬರುತ್ತದೆ. ಒಂದು ಪುಸ್ತಕಕ್ಕೆ ಎಂಟು ನಿಮಿಷ ಅಂತ ನಾವೇ ಅಳೆದಿರುವಾಗ 90 ಎಲ್ಲಿಂದ ಬರಬೇಕು, ಅಲ್ವಾ? ಅವಸರಪಟ್ಟರೆ ಶನಿವಾರದ ಪರೀಕ್ಷೆಯಲ್ಲಿ ತಪ್ಪುಗಳು ಹೆಚ್ಚುತ್ತವೆ, ಅಷ್ಟೇ.

ದಿನದ ಕೆಲಸ ಹಾಗೇ ಇಟ್ಟು, ಉಳಿದ ಕಪಾಟುಗಳ ಪುಸ್ತಕ ಎಣಿಸಿ ವಾರಗಳನ್ನು ಮತ್ತೆ ಬರೆದೆವು. ಇನ್ನು ಒಂದು ದಿನ ತಪ್ಪಿದರೂ ಸರಿದೂಗಿಸಲು ಜಾಗವಿರಲಿಲ್ಲ. ಅದಕ್ಕೆ ನಿಘಂಟು, ಕೋಶಗಳ ಕಪಾಟನ್ನು ಎಲ್ಲಕ್ಕಿಂತ ಕೊನೆಗೆ ಸರಿಸಿದೆವು. ಅವನ್ನು ಯಾರಿಗೂ ಮನೆಗೆ ಕೊಡುವುದಿಲ್ಲ, ಕಾಲೇಜು ಶುರುವಾಗುವ ದಿನ ಬಾರ್‌ಕೋಡ್ ಇಲ್ಲದಿದ್ದರೂ ಕೌಂಟರ್ ನಿಲ್ಲುವುದಿಲ್ಲ. ಪ್ರಿನ್ಸಿಪಾಲರಿಗೆ ಆ ಶನಿವಾರವೇ ತಿಳಿಸಿದೆ: ಮಕ್ಕಳು ಒಯ್ಯುವ ಪುಸ್ತಕ ಎಲ್ಲ ಸಿದ್ಧವಿರುತ್ತವೆ, ಉಳಿದರೆ ಕೋಶಗಳಷ್ಟೇ ಉಳಿಯುತ್ತವೆ. ಅವರು ಒಪ್ಪಿದರು. ಸೋಮವಾರ ಎಂದಿನಂತೆ ಒಂದು ಖಾನೆ ಇಳಿಸಿದೆವು.