ಕಾಲು ಚಪಾತಿಯ ಜಗಳ: ಮೂರನೇ ವಾರದ ಟಿಪ್ಪಣಿ

ಎರಡನೇ ತರಗತಿಯಲ್ಲಿ ಹೋದ ಶುಕ್ರವಾರ ಕೆಟ್ಟ ಕಾಲು ಭಾಗದ ಪಾಠ ಇವತ್ತು ಸರಿಹೋಯಿತು. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಎರಡನೇ ತರಗತಿಗೆ ಅರ್ಧ ಕಲಿಸುವುದು ನಿಮಗೆಲ್ಲ ಗೊತ್ತಿದ್ದದ್ದೇ, ಅದನ್ನು ಬಿಟ್ಟುಬಿಡುತ್ತೇನೆ. ನಮ್ಮ ಒರೆಗಲ್ಲು ಒಂದೇ: ಮಡಚಿದಾಗ ಅಂಚಿಗೆ ಅಂಚು ಕೂಡಬೇಕು. ‘ಕಾಲು’ ಅಂದ ಕೂಡಲೇ ಅರ್ಧ ತರಗತಿ ತಮ್ಮ ಕಾಲು ನೋಡಿಕೊಂಡಿತು. ಒಬ್ಬ ಹುಡುಗ, ‘ಎಮ್ಮಿಗೆ ನಾಕು ಕಾಲೈತ್ರಿ, ಅದ್ರಾಗ ಒಂದು ಅಂದ್ರ ಕಾಲು’ ಅಂದ. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಗೋಡೆಯ ಮೇಲೆ ಎಮ್ಮೆ ಬಂತು.

ಮೊದಲು ಕಾಗದದ ಗೋಳು. ಪೇಟೆಯಿಂದ ತಂದ ಬಣ್ಣದ ಹಾಳೆಯ ಕಟ್ಟಿನ ಮೇಲೆ ಚೌಕ ಎಂದಿತ್ತು. ಅಳೆದರೆ ಒಂದು ಬದಿ 15 ಸೆಂ.ಮೀ., ಇನ್ನೊಂದು 15.4. ಮೂಲೆಯಿಂದ ಮೂಲೆಗೆ ಮಡಚಿದರೆ ಒಂದು ಅಂಚಿನಲ್ಲಿ ಸಣ್ಣ ಪಟ್ಟಿ ಉಳಿಯುತ್ತಿತ್ತು. ‘ಕೂಡವಲ್ದು ಟೀಚರ್, ಇದು ಅರ್ಧ ಅಲ್ಲ’ ಎಂದು ಮಕ್ಕಳು ಹೇಳಿದ್ದು ಸರಿಯೇ. ದುಡ್ಡು ಕೊಟ್ಟು ಕೊಂಡ ಚೌಕ ಚೌಕವಾಗಿರಬೇಕು! ಈಗ ಎ4 ಹಾಳೆಯ ಗಿಡ್ಡ ಅಂಚನ್ನು ಉದ್ದ ಅಂಚಿನ ಮೇಲೆ ಕೂರಿಸಿ ಮಡಚಿ, ಉಳಿದ ಪಟ್ಟಿ ಕತ್ತರಿಸಿ ನಾನೇ ಚೌಕ ಮಾಡುತ್ತೇನೆ.

ಚೌಕವನ್ನು ಮಕ್ಕಳು ಎರಡು ರೀತಿ ಕಾಲು ಮಾಡಿದರು. ಕೆಲವರು ನಾಲ್ಕು ಉದ್ದ ಪಟ್ಟಿ, ಕೆಲವರು ನಾಲ್ಕು ಪುಟ್ಟ ಚೌಕ. ಪಟ್ಟಿ ಉದ್ದ ಇದೆ, ಅದೇ ದೊಡ್ಡದು ಎಂದು ಗಲಾಟೆ. ಪಟ್ಟಿಯನ್ನು ಅಡ್ಡಕ್ಕೆ ಎರಡು ಮಾಡಿ ಅಕ್ಕಪಕ್ಕ ಇಟ್ಟೆವು. ಪುಟ್ಟ ಚೌಕದ ಮೇಲೆ ಸರಿಯಾಗಿ ಕೂತಿತು, ಗಲಾಟೆ ನಿಂತಿತು. ನನ್ನ ತಪ್ಪು ಶುರುವಾದದ್ದು ಇಲ್ಲೇ. ಪಟ್ಟಿ ಮಾಡಿದರೆ ಎಲ್ಲೆಲ್ಲೂ ಕಾಲು ಸಿಗುತ್ತದೆ ಎಂದು ಮಕ್ಕಳ ತಲೆಯಲ್ಲಿ ಕೂತಿತು.

ಶುಕ್ರವಾರ ರೊಟ್ಟಿಗೆ ಬಂದೆವು. ಜೋಳದ ರೊಟ್ಟಿ ಆಗಲಿಲ್ಲ. ಕಟಕ ರೊಟ್ಟಿ ಮಡಚಿದರೆ ಪಟಕ್ಕೆಂದು ಎಲ್ಲೋ ಒಡೆಯುತ್ತದೆ, ಮೆತ್ತನೆಯದೂ ಆರಿದ ಮೇಲೆ ಸೀಳುತ್ತದೆ. ಎಣ್ಣೆ ಹಚ್ಚಿದ ಚಪಾತಿಯೇ ಸರಿ. ನಾಲ್ವರಿಗೆ ಒಂದು ಚಪಾತಿ ಕೊಟ್ಟರೆ, ಒಂದು ಗುಂಪು ಕತ್ತರಿ ಹಿಡಿದು ಒಂದೇ ಅಗಲದ ನಾಲ್ಕು ಪಟ್ಟಿ ಮಾಡಿತು. ಅಂಚಿನ ತುಂಡು ಸಿಕ್ಕ ಹುಡುಗಿ ಅತ್ತೇಬಿಟ್ಟಳು: ‘ನಂದು ಸಣ್ಣದೈತ್ರಿ.’ ಉಳಿದವರು ಬಿಡಲಿಲ್ಲ, ‘ನಾಕು ಪಟ್ಟಿ ಅದಾವಲ್ಲ, ಕಾಲೇ!’ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ, ಗಂಟೆ ಹೊಡೆಯಿತು.

ಮನೆಗೆ ಬಂದು ಅದೇ ರೀತಿ ಒಂದು ಚಪಾತಿ ಕತ್ತರಿಸಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ಅಂಚಿನವು 9 ಮತ್ತು 10 ಗ್ರಾಂ, ನಡುವಿನವು 14 ಮತ್ತು 15. ನಡುವಿನವನಿಗೆ ಹೆಚ್ಚುಕಡಿಮೆ ಒಂದೂವರೆ ಪಾಲು! ಅಗಲ ಒಂದೇ ಆದರೂ ಅಂಚಿನ ಪಟ್ಟಿ ದುಂಡಗೆ ಸವೆದುಹೋಗುತ್ತದೆ. ಆ ಮಗುವಿನ ಅಳು ಪೂರಾ ನ್ಯಾಯವಾದದ್ದು. ಆದರೆ ತೂಕ ತೋರಿಸಿದರೆ ಏಳು ವರ್ಷದ ಮಗುವಿಗೆ ಕಾರಣ ಕಾಣುವುದಿಲ್ಲ.

ಕಾರಣ ಕಂಡದ್ದು ಇವತ್ತು. ಕತ್ತರಿ ಎತ್ತಿಟ್ಟು ಬರೀ ಮಡಚಿ ಎಂದೆ. ಚಪಾತಿಯನ್ನು ಒಮ್ಮೆ ಮಡಚಿದರೆ ಅರ್ಧಚಂದ್ರ, ಅಂಚಿಗೆ ಅಂಚು ಕೂಡಿತು. ಪೂರ್ತಿ ದುಂಡಗಿಲ್ಲದ್ದನ್ನು ಸ್ವಲ್ಪ ತಿರುಗಿಸಿ ಕೂಡುವ ಜಾಗ ಹುಡುಕಬೇಕು. ಆಮೇಲೆ ಪಟ್ಟಿ ಬರುವಂತೆ, ದುಂಡು ಅಂಚನ್ನು ಮೊದಲ ಗೆರೆಯ ಮೇಲಕ್ಕೆ ತಂದು ಇನ್ನೊಮ್ಮೆ ಮಡಚಿಸಿದೆ. ಮೇಲೆ ಬಂದ ದುಂಡು ಕೆಳಗಿನದನ್ನು ಮುಚ್ಚಲಿಲ್ಲ, ಎರಡೂ ಬದಿಗೆ ಮೂಲೆಗಳು ಇಣುಕಿದವು. ‘ಕಿವಿ ಬಂದಾವ್ರಿ!’ ಅಂದರು. ಅದೇ ಕಾಗದದ ಚೌಕದಲ್ಲಿ ಕಿವಿ ಬರುವುದಿಲ್ಲ. ನಮ್ಮ ಹಳೇ ಒರೆಗಲ್ಲೇ ತೀರ್ಪು ಕೊಟ್ಟಿತು.

ಹಾಗಾದರೆ ಹೇಗೆ ಮಡಚಬೇಕು? ಶುಕ್ರವಾರ ಅತ್ತಿದ್ದ ಹುಡುಗಿಯೇ ಎದ್ದು ಬಂದಳು. ಅರ್ಧಚಂದ್ರದ ಒಂದು ತುದಿ ಹಿಡಿದು ಇನ್ನೊಂದು ತುದಿಗೆ ತಂದು ಮಡಚಿದಳು. ‘ನಮ್ಮವ್ವ ಪದರ ಚಪಾತಿ ಹಿಂಗ ಮಾಡ್ತಾಳ್ರಿ. ಎಣ್ಣಿ ಹಚ್ಚಿ ಒಮ್ಮೆ, ಮತ್ತೊಮ್ಮೆ.’ ಮೂಲೆ ಮೂರು, ಅಂಚು ಸರಿ, ಕಿವಿ ಇಲ್ಲ. ಬಿಚ್ಚಿದರೆ ಚಪಾತಿಯ ನಡುವೆ ಕೂಡುವ ಚಿಹ್ನೆಯಂಥ ಕೂಡುಗೆರೆ. ಆ ಗೆರೆ ಹಿಡಿದು ಕತ್ತರಿಸಿದೆವು, ನಾಲ್ಕು ತುಂಡೂ ಒಂದರ ಮೇಲೊಂದು ಕೂತವು. ಕತ್ತರಿಸಿದವರಿಗೆ ಕೊನೆಯ ತುಂಡು ಎಂಬ ನಿಯಮ ಇಟ್ಟಿದ್ದೆ. ಇವತ್ತು ಯಾವುದು ತೆಗೆದುಕೊಂಡರೂ ನಡೆಯುತ್ತದೆ ಎಂದು ಯಾರೂ ಆರಿಸುವ ಗೋಜಿಗೇ ಹೋಗಲಿಲ್ಲ.

ಹೀಗೆ ಅರ್ಧಕ್ಕೆ ಅರ್ಧ ಮಡಚುತ್ತಾ ಹೋದರೆ ಎರಡು, ನಾಲ್ಕು, ಎಂಟು ಹೀಗೆ ಮಾತ್ರ ಬರುತ್ತದೆ. ಮೂವರು ಕೂತರೆ? ಮುಂದಿನ ವಾರಕ್ಕೆ ದಾರ ತರುತ್ತಿದ್ದೇನೆ. ಚಪಾತಿಯ ಸುತ್ತ ಒಂದು ಸುತ್ತು ಅಳೆದು, ದಾರವನ್ನು ಮೂರು ಸಮ ಮಡಿಕೆ ಮಾಡಿ, ಅಂಚಿನಲ್ಲಿ ಮೂರು ಗುರುತು ಹಾಕಿ, ಕೂಡುಗೆರೆಯ ನಡುವಿನಿಂದ ಗುರುತಿಗೆ ಕತ್ತರಿಸಬೇಕು. ದಾರ ಜಾರದಿರಲು ಚಪಾತಿಯ ಬದಲು ಮೊದಲು ತಾಟಿನ ಅಂಚಿನ ಮೇಲೆ ಮಾಡಿನೋಡುತ್ತೇನೆ.