ಅನುಮಾನ ಬಂದ ದಿನವೇ ಹೇಳಿ, ಆದರೆ ಮೊದಲು ಒಮ್ಮೆ ಎಣಿಸಿ

"ಪ್ರಾಜೆಕ್ಟ್ ಹೇಳಿದ ದಿನಕ್ಕೆ ಮುಗಿಯಲ್ಲ ಅನ್ನೋ ಅನುಮಾನ ಬಂದಿದೆ, ಇನ್ನೂ ಖಚಿತ ಇಲ್ಲ. ಈಗಲೇ ಮ್ಯಾನೇಜರ್‌ಗೆ ಹೇಳ್ಲಾ, ಸ್ವಲ್ಪ ದಿನ ನೋಡ್ಲಾ? ಹೇಳೋದಾದ್ರೆ ಹೇಗೆ?"

ಈಗಲೇ ಹೇಳಿ. ಖಚಿತ ಆಗೋವರೆಗೆ ಕಾದರೆ ಹೇಳಿ ಪ್ರಯೋಜನ ಇರುವುದಿಲ್ಲ. ಅಷ್ಟು ಹೊತ್ತಿಗೆ ಸರಿಪಡಿಸುವ ದಾರಿಗಳೂ ಮುಚ್ಚಿರುತ್ತವೆ. ಆದರೆ "ಸ್ವಲ್ಪ ತಡ ಆಗಬಹುದು ಅನ್ಸುತ್ತೆ" ಅಂತ ಬಾಯಿಮಾತಲ್ಲಿ ಹೇಳಿ ಬಂದರೆ ಮ್ಯಾನೇಜರ್‌ಗೆ ಅದರಿಂದ ಏನೂ ಮಾಡಲು ಆಗುವುದಿಲ್ಲ. ನಾನೇ ಮಾಡಿದ ಒಂದು ಕೆಲಸವನ್ನು ಲೆಕ್ಕದ ಸಮೇತ ಹೇಳುತ್ತೇನೆ.

ಹಳೆಯ ಸಾಫ್ಟ್‌ವೇರ್‌ನಲ್ಲಿದ್ದ ಗ್ರಾಹಕರ ಡೇಟಾವನ್ನು ಹೊಸದಕ್ಕೆ ಸಾಗಿಸಬೇಕಿತ್ತು. ಒಟ್ಟು 40 ಟೇಬಲ್. ದಿನಕ್ಕೆ ಎರಡರಂತೆ 20 ದಿನ, ಆಮೇಲೆ ಟೆಸ್ಟಿಂಗ್‌ಗೆ 10 ದಿನ, ಒಟ್ಟು 30 ಕೆಲಸದ ದಿನ ಅಂತ ನಾನೇ ಒಪ್ಪಿಕೊಂಡಿದ್ದೆ. 8ನೇ ದಿನದ ಸಂಜೆ 16 ಟೇಬಲ್ ಮುಗಿದಿರಬೇಕಿತ್ತು. ಮುಗಿದಿದ್ದು 9.

ಇಂಥ ಸಂಜೆ ಎಲ್ಲರಿಗೂ ಬರುವ ಯೋಚನೆ ಒಂದೇ: ಶುರುವಿನಲ್ಲಿ ನಿಧಾನ ಆಯ್ತು, ಈಗ ಕೈ ಪಳಗಿದೆ, ಮುಂದೆ ಬೇಗ ಆಗುತ್ತೆ. ಇದನ್ನು ನಂಬುವ ಮೊದಲು ಪ್ರತಿ ಟೇಬಲ್‌ಗೆ ಎಷ್ಟು ಹೊತ್ತು ಹಿಡಿಯಿತು ಅಂತ ಬರೆದು ನೋಡಿ. ನನ್ನ ಲೆಕ್ಕ ತಿರುಗಾಮುರುಗಾ ಇತ್ತು. ಮೊದಲ 3 ಟೇಬಲ್ 2 ದಿನದಲ್ಲಿ ಮುಗಿದಿದ್ದವು, ನಂತರದ 6ಕ್ಕೆ 6 ದಿನ ಹಿಡಿದಿತ್ತು. ಅಂದರೆ ಕೆಲಸ ಬೇಗ ಆಗುತ್ತಿರಲಿಲ್ಲ, ನಿಧಾನ ಆಗುತ್ತಾ ಇತ್ತು.

ಯಾಕೆ? ಆ 6 ಟೇಬಲ್‌ಗಳಲ್ಲೂ ಗ್ರಾಹಕರ ಹೆಸರು ಇತ್ತು. ಹಳೆಯ ಸಾಫ್ಟ್‌ವೇರ್‌ನಲ್ಲಿ ಒಬ್ಬರೇ ಗ್ರಾಹಕರು ಎರಡು ಮೂರು ಸಲ ಬೇರೆ ಬೇರೆ ಕಾಗುಣಿತದಲ್ಲಿ ದಾಖಲಾಗಿದ್ದರು. ಯಾವುದನ್ನು ಉಳಿಸಬೇಕು ಅಂತ ಒಂದೊಂದಕ್ಕೂ ಗ್ರಾಹಕ ವಿಭಾಗದವರನ್ನು ಕೇಳಿ ತಿಳಿದು ಮುಂದೆ ಹೋಗಬೇಕಿತ್ತು. ಅಂದಾಜು ಹಾಕುವಾಗ ನಾನು ತೆರೆದು ನೋಡಿದ್ದು ಮೂರೇ ಟೇಬಲ್, ಅವುಗಳಲ್ಲಿ ಹೆಸರೇ ಇರಲಿಲ್ಲ.

ಕಾರಣವನ್ನು ಇಷ್ಟು ಬಿಡಿಸಿ ಹೇಳುವುದು ತಪ್ಪಿಸಿಕೊಳ್ಳುವುದಕ್ಕಲ್ಲ. ಕಾರಣ ಸರಿಯಾಗಿ ಸಿಕ್ಕರೆ ಹೊಸ ಅಂದಾಜು ಅದರಿಂದಲೇ ಹುಟ್ಟುತ್ತದೆ. "ಡೇಟಾ ಸರಿ ಇಲ್ಲ" ಅಂದರೆ ಅದು ದೂರು, ಅದರಿಂದ ದಿನ ಎಣಿಸಲು ಆಗುವುದಿಲ್ಲ. "ಗ್ರಾಹಕರ ಹೆಸರಿರುವ ಟೇಬಲ್‌ಗೆ ಒಂದು ದಿನ, ಇಲ್ಲದ್ದಕ್ಕೆ ಅರ್ಧ ದಿನ" ಅಂದರೆ ಎಣಿಸಬಹುದು. ಉಳಿದ 31ರಲ್ಲಿ ಹೆಸರಿದ್ದವು 14, ಇಲ್ಲದವು 17. ಹದಿನಾಲ್ಕಕ್ಕೆ 14 ದಿನ, ಹದಿನೇಳಕ್ಕೆ ಸುಮಾರು 9 ದಿನ, ಒಟ್ಟು 23. ಯೋಜನೆಯಲ್ಲಿ ಉಳಿದಿದ್ದು 12 ದಿನ. ಅಲ್ಲಿಗೆ 11 ದಿನ ತಡ, 30ನೇ ದಿನದ ಬದಲು 41ನೇ ದಿನ.

ಈ ಸಂಖ್ಯೆ ನೋಡಿದಾಗ ಭಯ ಆಗುತ್ತದೆ, ನಿಜ. ಆಗ ಕೈ ತಾನಾಗಿ 11ನ್ನು 5 ಅಂತ ಬರೆಯಲು ಹೋಗುತ್ತದೆ, ಮ್ಯಾನೇಜರ್ ಬೈಯಬಾರದಲ್ವಾ ಅಂತ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲ ತಡವನ್ನು ಹೆಚ್ಚಿನವರು ಸಹಿಸುತ್ತಾರೆ. ಹೊಸ ದಿನಾಂಕವೂ ತಪ್ಪಿದರೆ ಆಮೇಲೆ ನೀವು ಹೇಳುವ ಯಾವ ದಿನಾಂಕವನ್ನೂ ಯಾರೂ ನಂಬುವುದಿಲ್ಲ.

ಇನ್ನು ಸರಿದೂಗಿಸುವ ಯೋಜನೆ. ನಾವೆಲ್ಲ ಮೊದಲು ಬರೆಯುವುದು "ರಜಾದಿನವೂ ಕೆಲಸ ಮಾಡ್ತೀನಿ". ನನ್ನ ವಿಷಯದಲ್ಲಿ ಅದರಿಂದ ಏನೂ ಆಗುತ್ತಿರಲಿಲ್ಲ, ಯಾಕಂದ್ರೆ ಕೆಲಸ ನಿಂತಿದ್ದು ನನ್ನ ಸಮಯಕ್ಕಲ್ಲ, ಬೇರೆಯವರ ಉತ್ತರಕ್ಕೆ. ಇನ್ನೊಬ್ಬ ಪ್ರೋಗ್ರಾಮರ್ ಬೇಕು ಅಂತ ಕೇಳಬಹುದಿತ್ತು, ಆದರೆ ಅವರಿಗೆ ಹಳೆಯ ಸಾಫ್ಟ್‌ವೇರ್ ಹೇಳಿಕೊಡಲು ನನ್ನದೇ ಒಂದು ವಾರ ಹೋಗುತ್ತಿತ್ತು. ಹಾಗಾಗಿ ಬೇರೆ ಎರಡು ಕಡೆ ಹುಡುಕಿದೆ. ಆ 14ರಲ್ಲಿ 6 ಟೇಬಲ್ ಬರೀ ಹಳೆಯ ವರ್ಷಗಳ ದಾಖಲೆ, ವರ್ಷದ ಕೊನೆಯ ವರದಿಗೆ ಬಿಟ್ಟರೆ ಯಾರೂ ತೆಗೆಯುವುದಿಲ್ಲ. ಅವನ್ನು ಹಿಂದಕ್ಕೆ ಹಾಕಿದರೆ 6 ದಿನ ಉಳಿಯುತ್ತದೆ. ಟೆಸ್ಟಿಂಗ್ ಪೂರ್ತಿ ಕೊನೆಗೆ ಇಡುವ ಬದಲು ಮುಗಿದ ಟೇಬಲ್‌ಗಳಿಂದಲೇ ಶುರು ಮಾಡಿದರೆ 3 ದಿನ. ಆಗ 41 ಹೋಗಿ 32 ಆಗುತ್ತದೆ. ಹೆಸರುಗಳ ಗೋಜಲು ನಾನು ನೋಡಿದ್ದಕ್ಕಿಂತ ಜಾಸ್ತಿ ಇದ್ದರೆ 35.

9ನೇ ದಿನ ಬೆಳಗ್ಗೆ ಮ್ಯಾನೇಜರ್‌ಗೆ ಕಳಿಸಿದ್ದು ಇಷ್ಟು:

"ಮೇಡಂ, ಡೇಟಾ ಸಾಗಿಸುವ ಕೆಲಸ 30ನೇ ದಿನಕ್ಕೆ ಮುಗಿಯುವುದಿಲ್ಲ. ಈಗಿನಂತೆಯೇ ಹೋದರೆ 41ನೇ ದಿನ. ಕೆಳಗಿನ ಎರಡು ಬದಲಾವಣೆ ಒಪ್ಪಿದರೆ 32, ಹೆಚ್ಚೆಂದರೆ 35. ಕಾರಣ: ಒಬ್ಬರೇ ಗ್ರಾಹಕರು ಎರಡು ಮೂರು ಸಲ ದಾಖಲಾಗಿದ್ದಾರೆ, ಆ ಟೇಬಲ್‌ಗಳಿಗೆ ಅಂದಾಜಿನ ಎರಡರಷ್ಟು ಸಮಯ ಹಿಡಿಯುತ್ತಿದೆ. ಅಂದಾಜು ಮಾಡುವಾಗ ನಾನು ಇದನ್ನು ಗಮನಿಸಿರಲಿಲ್ಲ. ಬದಲಾವಣೆ: ಹಳೆಯ ವರ್ಷಗಳ 6 ಟೇಬಲ್ ಆಮೇಲೆ ಸಾಗಿಸುವುದು, ಟೆಸ್ಟಿಂಗ್ ಬೇಗ ಶುರು ಮಾಡುವುದು. ನಿಮ್ಮಿಂದ ಬೇಕಿರುವುದು: ಈ ಎರಡಕ್ಕೆ ಒಪ್ಪಿಗೆ, ಮತ್ತು ಗ್ರಾಹಕ ವಿಭಾಗದಿಂದ ಒಬ್ಬರು 8 ದಿನ, ದಿನಕ್ಕೆ ಒಂದು ಗಂಟೆ. 13ನೇ ದಿನ ಸಂಜೆ ಮತ್ತೆ ಲೆಕ್ಕ ಕೊಡುತ್ತೇನೆ. ಆ ಹೊತ್ತಿಗೆ ಹೆಸರಿರುವ 5 ಟೇಬಲ್ ಮುಗಿದಿರದಿದ್ದರೆ 35 ಅಂತಲೇ ಲೆಕ್ಕ ಹಿಡಿಯಿರಿ."

ಮೊದಲ ವಾಕ್ಯದಲ್ಲೇ ಸುದ್ದಿ ಇದೆ ನೋಡಿ. ಪೀಠಿಕೆ ಹಾಕುತ್ತಾ ಹೋದರೆ ಓದುವವರಿಗೆ ಇನ್ನೂ ದೊಡ್ಡದೇನೋ ಬರ್ತಾ ಇದೆ ಅನ್ನಿಸುತ್ತದೆ.

ಅವರು ಫೋನ್ ಮಾಡಿ ಕೇಳಿದ ಮೊದಲ ಪ್ರಶ್ನೆ: "30ಕ್ಕೇ ಮುಗಿಸಲು ಆಗಲ್ವಾ?" ಈ ಪ್ರಶ್ನೆ ಬಂದೇ ಬರುತ್ತದೆ. ಪ್ರಯತ್ನ ಮಾಡ್ತೀನಿ ಅಂದರೆ ಅವರ ಕಿವಿಗೆ ಬೀಳುವುದು "ಆಗುತ್ತೆ" ಅಂತಲೇ. ನಾನು ಹೇಳಿದ್ದು, "ಆಗುತ್ತೆ ಮೇಡಂ, ಟೆಸ್ಟಿಂಗ್‌ನಲ್ಲಿ ಇನ್ನೂ ಎರಡು ದಿನ ಕಡಿಮೆ ಮಾಡಬೇಕು. ಆಗ ಬಿಲ್ಲಿಂಗ್ ಲೆಕ್ಕ ತಾಳೆ ನೋಡಲು ಸಮಯ ಇರುವುದಿಲ್ಲ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಿಲ್ಲಿಂಗ್ ಬಿಡುವುದು ಬೇಡ, 35 ಅಂತಲೇ ಮೇಲಿನವರಿಗೆ ಹೇಳುತ್ತೇನೆ ಅಂದರು. ಬಳಕೆದಾರರ ತರಬೇತಿಯ ದಿನಾಂಕ ಇನ್ನೂ ಯಾರಿಗೂ ಹೇಳಿರಲಿಲ್ಲ, ಹಾಗಾಗಿ ಅದನ್ನು ಒಂದೇ ಮೇಲ್‌ನಲ್ಲಿ ಮುಂದೂಡಿದರು.

ಅದಕ್ಕೂ ಹಿಂದೆ ಬೇರೊಂದು ಪ್ರಾಜೆಕ್ಟ್‌ನಲ್ಲಿ ನಾನು ಇದೇ ಥರದ ತಡವನ್ನು 27ನೇ ದಿನ ಹೇಳಿದ್ದೆ. ಅಷ್ಟರಲ್ಲಿ ತರಬೇತಿಗೆ ಜನ ಊರು ಬಿಟ್ಟು ಹೊರಟಾಗಿತ್ತು, ಹಳೆಯ ಸಾಫ್ಟ್‌ವೇರ್ ನಿಲ್ಲಿಸುವ ನೋಟಿಸ್ ಹೋಗಿಯಾಗಿತ್ತು. ಯಾವುದನ್ನು ಹಿಂದಕ್ಕೆ ಹಾಕೋಣ ಅಂತ ಯೋಚಿಸುವುದಕ್ಕೂ ಏನೂ ಉಳಿದಿರಲಿಲ್ಲ, ಎಲ್ಲವೂ ಅರ್ಧ ಅರ್ಧ ಆಗಿತ್ತು. ಆಗಲೂ ನನಗೆ 9ನೇ ದಿನವೇ ಅನುಮಾನ ಬಂದಿತ್ತು.

ಈ ಸಲ 13ನೇ ದಿನ ಸಂಜೆ ಹೆಸರಿರುವ ಟೇಬಲ್ ಮುಗಿದಿದ್ದು 4. ಮಾತು ಕೊಟ್ಟಂತೆ ಅದನ್ನೇ ಬರೆದು, 35 ಅಂತಲೇ ಇಟ್ಟುಕೊಳ್ಳಿ ಅಂದೆ. ಕೆಲಸ 34ನೇ ದಿನ ಮುಗಿಯಿತು. ಹಿಂದಕ್ಕೆ ಹಾಕಿದ್ದ 6 ಟೇಬಲ್‌ಗಳಿಗೂ ಅದೇ ದಿನ ಒಂದು ದಿನಾಂಕ ಬರೆಸಿಕೊಂಡೆ, ಇಲ್ಲದಿದ್ದರೆ ವರ್ಷದ ಕೊನೆಯ ವರದಿ ಬಂದಾಗಲೇ ಅವು ಎಲ್ಲರಿಗೂ ನೆನಪಾಗುತ್ತಿದ್ದವು.